ನಾಯಿಯ ಓಟದ ಲೆಕ್ಕ: ಸುತ್ತು ಎಣಿಸಬೇಡಿ, ಸಮಯ ಹಿಡಿಯಿರಿ

ಕಾಲ, ವೇಗ, ದೂರದ ಅಧ್ಯಾಯದಲ್ಲಿ ಒಂದು ಲೆಕ್ಕ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಎದುರುಬದುರು ನಡೆದು ಬರುವ ಇಬ್ಬರ ನಡುವೆ ಒಂದು ನಾಯಿ ಓಡುತ್ತದೆ. ಕೆಲವು ಪುಸ್ತಕಗಳಲ್ಲಿ ಎರಡು ರೈಲು, ಒಂದು ಹಕ್ಕಿ. ಇನ್ನು ಕೆಲವದರಲ್ಲಿ ಎರಡು ಸೈಕಲ್, ಒಂದು ನೊಣ. ಯಾವ ವೇಷದಲ್ಲಿ ಬಂದರೂ ಓದಿದ ಕೂಡಲೇ ಎಲ್ಲರ ಪೆನ್ನೂ ಒಂದೇ ಕಡೆಗೆ ಹೋಗುತ್ತದೆ: ನಾಯಿ ಮೊದಲ ಸಲ ಎಷ್ಟು ದೂರ ಓಡಿತು, ವಾಪಸ್ಸು ಎಷ್ಟು, ಮತ್ತೆ ಮುಂದಕ್ಕೆ ಎಷ್ಟು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಭಿನ್ನರಾಶಿಗಳು ಉದ್ದವಾಗುತ್ತವೆ, ಓಟ ಮುಗಿಯುವ ಲಕ್ಷಣ ಕಾಣುವುದಿಲ್ಲ. ಅಲ್ಲಿಗೆ ಬಹಳ ಜನ ಆ ಪ್ರಶ್ನೆಯನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ.

ಇದನ್ನು ಎರಡು ಸಾಲಿನಲ್ಲಿ ಮುಗಿಸುವ ದಾರಿ ಇದೆ. ಆ ದಾರಿ ಯಾಕೆ ಸರಿ, ಎಲ್ಲಿಯವರೆಗೆ ಸರಿ, ಪ್ರಶ್ನೆ ಸ್ವಲ್ಪ ತಿರುಗಿದಾಗ ಏನು ಮಾಡಬೇಕು ಎಂಬುದನ್ನು ಒಂದೇ ಉದಾಹರಣೆ ಇಟ್ಟುಕೊಂಡು ನೋಡೋಣ. ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇರಲಿ.

ಲೆಕ್ಕ ಹೀಗಿದೆ. ತೋಟದ ಮನೆಯಿಂದ ಬಸ್ ನಿಲ್ದಾಣಕ್ಕೆ ನೇರ ರಸ್ತೆಯಲ್ಲಿ 9 ಕಿ.ಮೀ. ಬೆಳಿಗ್ಗೆ 7 ಗಂಟೆಗೆ ತಾತ ಮನೆಯಿಂದ ಹೊರಟು ಗಂಟೆಗೆ 4 ಕಿ.ಮೀ. ವೇಗದಲ್ಲಿ ನಿಲ್ದಾಣದ ಕಡೆಗೆ ನಡೆಯುತ್ತಾರೆ. ಅದೇ 7 ಗಂಟೆಗೆ ಮೊಮ್ಮಗಳು ಸುಮಾ ನಿಲ್ದಾಣದಿಂದ ಹೊರಟು ಗಂಟೆಗೆ 6 ಕಿ.ಮೀ. ವೇಗದಲ್ಲಿ ಮನೆಯ ಕಡೆಗೆ ಬರುತ್ತಾಳೆ. ತಾತನ ಜೊತೆಯಲ್ಲೇ ಹೊರಟ ನಾಯಿ ಕರಿಯ ಗಂಟೆಗೆ 12 ಕಿ.ಮೀ. ವೇಗದಲ್ಲಿ ಸುಮಾಳ ಕಡೆಗೆ ಓಡುತ್ತದೆ, ಅವಳು ಸಿಕ್ಕ ಕೂಡಲೇ ತಿರುಗಿ ತಾತನ ಕಡೆಗೆ ಓಡುತ್ತದೆ, ತಾತ ಸಿಕ್ಕ ಕೂಡಲೇ ಮತ್ತೆ ಸುಮಾಳ ಕಡೆಗೆ. ಇಬ್ಬರೂ ಸೇರುವವರೆಗೆ ಇದೇ ಓಟ. ಕರಿಯ ಓಡಿದ ಒಟ್ಟು ದೂರ ಎಷ್ಟು?

ಮೊದಲು ನಾಯಿಯನ್ನು ಬದಿಗಿಡಿ

ಪ್ರಶ್ನೆ ಕೇಳಿರುವುದು ನಾಯಿಯ ಬಗ್ಗೆ. ಆದರೂ ಮೊದಲ ಹೆಜ್ಜೆಯಲ್ಲಿ ನಾಯಿಗೆ ಕೆಲಸವಿಲ್ಲ. ನಾಯಿ ಇದ್ದರೂ ಇಲ್ಲದಿದ್ದರೂ ತಾತ ಮತ್ತು ಸುಮಾ ಅದೇ ವೇಗದಲ್ಲಿ ನಡೆಯುತ್ತಾರೆ, ಅದೇ ಹೊತ್ತಿಗೆ ಸೇರುತ್ತಾರೆ. ಆದ್ದರಿಂದ ಪ್ರಶ್ನೆಯಲ್ಲಿ ನಾಯಿ ಇರುವ ವಾಕ್ಯದ ಮೇಲೆ ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ಓದಿ. ಈಗ ಉಳಿದಿರುವುದು ಏಳನೇ ತರಗತಿಯ ಲೆಕ್ಕ: 9 ಕಿ.ಮೀ. ಅಂತರದಲ್ಲಿರುವ ಇಬ್ಬರು 4 ಮತ್ತು 6ರ ವೇಗದಲ್ಲಿ ಎದುರುಬದುರು ಬಂದರೆ ಯಾವಾಗ ಸೇರುತ್ತಾರೆ?

ಎದುರುಬದುರು ಬರುವಾಗ ವೇಗಗಳು ಕೂಡುತ್ತವೆ. ಒಂದು ಗಂಟೆಯಲ್ಲಿ ತಾತ 4 ಕಿ.ಮೀ. ಅಂತರ ತಿನ್ನುತ್ತಾರೆ, ಸುಮಾ 6 ಕಿ.ಮೀ. ತಿನ್ನುತ್ತಾಳೆ, ಒಟ್ಟು 10. ತಿನ್ನಬೇಕಾದ ಅಂತರ 9. ಹಾಗಾಗಿ ಬೇಕಾದ ಸಮಯ 9 ÷ 10 = 0.9 ಗಂಟೆ, ಅಂದರೆ 54 ನಿಮಿಷ. 7 ಗಂಟೆ 54 ನಿಮಿಷಕ್ಕೆ ಇಬ್ಬರೂ ಸೇರುತ್ತಾರೆ.

ಈಗ ನಾಯಿಗೆ ಒಂದೇ ಪ್ರಶ್ನೆ ಕೇಳಿ

ಕರಿಯ ಎಷ್ಟು ಹೊತ್ತು ಓಡಿತು? ಎಲ್ಲಿಂದ ಎಲ್ಲಿಗೆ ಎಂದಲ್ಲ, ಎಷ್ಟು ಸಲ ಎಂದೂ ಅಲ್ಲ, ಎಷ್ಟು ಹೊತ್ತು ಎಂದು ಮಾತ್ರ. ಅದು 7 ಗಂಟೆಗೆ ಓಡಲು ಶುರು ಮಾಡಿದೆ, 7:54ಕ್ಕೆ ನಿಂತಿದೆ, ನಡುವೆ ಎಲ್ಲೂ ನಿಂತಿಲ್ಲ. ಅಂದರೆ 0.9 ಗಂಟೆ ಪೂರ್ತಿ ಓಡಿದೆ. ಅದರ ವೇಗ ಎಲ್ಲ ಹೊತ್ತೂ 12. ಆದ್ದರಿಂದ ದೂರ 12 × 0.9 = 10.8 ಕಿ.ಮೀ. ಉತ್ತರ ಬಂತು.

ಇಲ್ಲಿ ನಡೆದದ್ದು ಏನೆಂದು ಒಂದು ಗಳಿಗೆ ನಿಂತು ನೋಡಬೇಕು. ದೂರ ಎಂದರೆ ವೇಗ ಗುಣಿಸು ಸಮಯ. ವೇಗ ಬದಲಾಗದಿದ್ದರೆ, ದಿಕ್ಕು ಎಷ್ಟು ಸಲ ಬದಲಾದರೂ ಓಡಿದ ದೂರಕ್ಕೆ ವ್ಯತ್ಯಾಸವಿಲ್ಲ. ಆಟೋದ ಮೀಟರು ಎಡಕ್ಕೆ ತಿರುಗಿದೆವೋ ಬಲಕ್ಕೆ ತಿರುಗಿದೆವೋ ಎಂದು ನೋಡದೆ ಚಕ್ರ ಉರುಳಿದ್ದನ್ನಷ್ಟೇ ಎಣಿಸುತ್ತದಲ್ಲ, ಹಾಗೆ. ಕರಿಯ ತಾತ-ಸುಮಾರ ನಡುವೆ ಓಡುವ ಬದಲು 54 ನಿಮಿಷ ಅಂಗಳದಲ್ಲೇ ಸುತ್ತು ಹಾಕಿದ್ದರೂ 10.8 ಕಿ.ಮೀ. ಓಡುತ್ತಿತ್ತು.

ಈ ಹಂತದಲ್ಲಿ ಅತಿ ಹೆಚ್ಚು ಅಂಕ ಹೋಗುವುದು ಒಂದು ಸಣ್ಣ ಜಾಗದಲ್ಲಿ: 54 ನಿಮಿಷವನ್ನು 0.54 ಗಂಟೆ ಎಂದು ಬರೆಯುವುದು. ಹಾಗೆ ಬರೆದರೆ ಉತ್ತರ 6.48 ಬರುತ್ತದೆ, ಪರೀಕ್ಷೆ ಮಾಡುವವರು ಆಯ್ಕೆಗಳಲ್ಲಿ ಅದನ್ನೂ ಇಟ್ಟಿರುತ್ತಾರೆ. ಇದರಿಂದ ತಪ್ಪಿಸಿಕೊಳ್ಳಲು ಗಂಟೆಯನ್ನು ನಿಮಿಷಕ್ಕೆ ತಿರುಗಿಸಲೇಬೇಡಿ, 9/10 ಎಂದು ಭಿನ್ನರಾಶಿಯಲ್ಲೇ ಇಟ್ಟು ಗುಣಿಸಿ. ಇಲ್ಲವೇ ಎಲ್ಲವನ್ನೂ ನಿಮಿಷಕ್ಕೆ ತನ್ನಿ: ಗಂಟೆಗೆ 12 ಕಿ.ಮೀ. ಎಂದರೆ ನಿಮಿಷಕ್ಕೆ 200 ಮೀಟರ್, 54 ನಿಮಿಷಕ್ಕೆ 10,800 ಮೀಟರ್.

ಉತ್ತರ ಸರಿಯೇ ಎಂದು ನೋಡಲು ಸಮಯವನ್ನೇ ಮುಟ್ಟದ ಒಂದು ತಾಳೆ ಇದೆ. ಮೂವರೂ ಓಡಾಡಿದ್ದು ಒಂದೇ ಅವಧಿ, ಹಾಗಾಗಿ ದೂರಗಳು ವೇಗಗಳ ಅನುಪಾತದಲ್ಲೇ ಇರಬೇಕು. 9 ಕಿ.ಮೀ. ರಸ್ತೆಯನ್ನು 4 : 6ರಂತೆ ಹಂಚಿದರೆ ತಾತನ ಪಾಲು 3.6, ಸುಮಾಳ ಪಾಲು 5.4. ನಾಯಿಯ ವೇಗ ತಾತನ ಮೂರರಷ್ಟು: 3 × 3.6 = 10.8. ಸುಮಾಳ ಎರಡರಷ್ಟು: 2 × 5.4 = 10.8. ಎರಡೂ ಕಡೆಯಿಂದ ಒಂದೇ ಸಂಖ್ಯೆ ಬಂದರೆ ಧೈರ್ಯವಾಗಿ ಮುಂದೆ ಹೋಗಬಹುದು. 6.48 ಎಂದು ಬರೆದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಸುತ್ತು ಎಣಿಸಿದರೆ ಏನಾಗುತ್ತದೆ

ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ಸಾರ್, ನಾಯಿ ಲೆಕ್ಕವಿಲ್ಲದಷ್ಟು ಸಲ ತಿರುಗುತ್ತಲ್ಲ, ಅಷ್ಟೆಲ್ಲ ಓಡಿದರೂ ದೂರ ಬರೀ 10.8 ಹೇಗಾಗುತ್ತೆ?" ಇದು ಒಳ್ಳೆಯ ಪ್ರಶ್ನೆ, ಇದಕ್ಕೆ "ಸೂತ್ರ ಹಾಕು" ಎಂಬುದು ಉತ್ತರವಲ್ಲ. ಒಮ್ಮೆಯಾದರೂ ಸುತ್ತುಗಳನ್ನು ಕೈಯಾರೆ ಎಣಿಸಿ ನೋಡಿದವರಿಗೆ ಅನುಮಾನ ಉಳಿಯುವುದಿಲ್ಲ. ನಮ್ಮ ಲೆಕ್ಕದ ಸಂಖ್ಯೆಗಳನ್ನು ಅದಕ್ಕೆಂದೇ ಸಲೀಸಾಗಿ ಆರಿಸಿದ್ದೇನೆ, ಎಣಿಸೋಣ.

ಮೊದಲ ಓಟ. ಕರಿಯ 12ರ ವೇಗದಲ್ಲಿ ಹೋಗುತ್ತಿದೆ, ಸುಮಾ 6ರ ವೇಗದಲ್ಲಿ ಎದುರು ಬರುತ್ತಿದ್ದಾಳೆ. ಕೂಡಿದರೆ 18. ಅಂತರ 9, ಆದ್ದರಿಂದ ಅರ್ಧ ಗಂಟೆಗೆ ಭೇಟಿ. ಕರಿಯ 6 ಕಿ.ಮೀ. ಓಡಿದೆ, ಸುಮಾ 3 ನಡೆದಿದ್ದಾಳೆ, ಇಬ್ಬರೂ ಮನೆಯಿಂದ 6 ಕಿ.ಮೀ. ದೂರದಲ್ಲಿ ಇದ್ದಾರೆ. ಅಷ್ಟರಲ್ಲಿ ತಾತ 2 ಕಿ.ಮೀ. ಬಂದಿದ್ದಾರೆ.

ವಾಪಸ್ಸು ಓಟ. ತಾತನಿಗೂ ಕರಿಯನಿಗೂ ಈಗ 4 ಕಿ.ಮೀ. ಅಂತರ, ಕೂಡಿದ ವೇಗ 12 + 4 = 16. ಬೇಕಾದ ಸಮಯ ಕಾಲು ಗಂಟೆ. ಕರಿಯ 3 ಕಿ.ಮೀ. ಹಿಂದಕ್ಕೆ ಓಡಿ ಮನೆಯಿಂದ 3 ಕಿ.ಮೀ. ದೂರದಲ್ಲಿ ತಾತನನ್ನು ಸೇರುತ್ತದೆ. ಆ ಕಾಲು ಗಂಟೆಯಲ್ಲಿ ಸುಮಾ ಒಂದೂವರೆ ಕಿ.ಮೀ. ಮುಂದೆ ಬಂದು 4.5ರ ಹತ್ತಿರ ಇದ್ದಾಳೆ.

ಒಂದು ಪೂರ್ತಿ ಸುತ್ತು ಮುಗಿಯಿತು. 45 ನಿಮಿಷ ಕಳೆದಿದೆ, ಕರಿಯ 9 ಕಿ.ಮೀ. ಓಡಿದೆ, ಇಬ್ಬರ ನಡುವಿನ ಅಂತರ 9ರಿಂದ 1.5ಕ್ಕೆ ಇಳಿದಿದೆ. ಅಂದರೆ ಸರಿಯಾಗಿ ಆರನೇ ಒಂದು ಭಾಗ. ಈಗ ಪರಿಸ್ಥಿತಿ ಮೊದಲಿನದೇ: ನಾಯಿ ತಾತನ ಕಾಲ ಬಳಿ ಇದೆ, ಸುಮಾ ಎದುರಿಗಿದ್ದಾಳೆ, ವೇಗಗಳು ಬದಲಾಗಿಲ್ಲ. ಅಂತರ ಮಾತ್ರ ಆರರಲ್ಲಿ ಒಂದು ಪಾಲು. ಹಾಗಾದರೆ ಮುಂದಿನ ಸುತ್ತಿನಲ್ಲಿ ಎಲ್ಲವೂ ಆರರಲ್ಲಿ ಒಂದು ಪಾಲಾಗಲೇಬೇಕು: ಸಮಯ 7.5 ನಿಮಿಷ, ಓಟ 1.5 ಕಿ.ಮೀ. ಅದರ ಮುಂದಿನದು 1.25 ನಿಮಿಷ, 250 ಮೀಟರ್. ಆಮೇಲಿನದು 12.5 ಸೆಕೆಂಡು, ಸುಮಾರು 42 ಮೀಟರ್.

ಸುತ್ತುಗಳು ಮುಗಿಯುವುದಿಲ್ಲ ನಿಜ, ಆದರೆ ಅವು ಕುಗ್ಗುವ ವೇಗವನ್ನು ನೋಡಿ. ಮೊದಲ ಮೂರೇ ಸುತ್ತುಗಳಲ್ಲಿ 9 + 1.5 + 0.25 = 10.75 ಕಿ.ಮೀ. ಆಗಿಹೋಯಿತು. ಉಳಿದ ಅಷ್ಟೂ ಸುತ್ತುಗಳಿಗೆ ಸೇರಿ ಸಿಕ್ಕಿರುವುದು 50 ಮೀಟರ್. ಐದು ಸುತ್ತು ಮುಗಿದಾಗ ತಾತ ಮತ್ತು ಸುಮಾರ ನಡುವೆ ಇರುವ ಅಂತರ 1.2 ಮೀಟರಿಗೂ ಕಡಿಮೆ. ಅಷ್ಟು ಜಾಗದಲ್ಲಿ ನಿಜವಾದ ನಾಯಿ ಮೂತಿಯಿಂದ ಬಾಲದವರೆಗೆ ಹಿಡಿಸುವುದೇ ಕಷ್ಟ, ಓಡುವ ಮಾತು ದೂರ. ಅಲ್ಲಿಗೆ ಓಟ ನಿಲ್ಲಿಸಿದರೂ ನಮ್ಮ ಉತ್ತರಕ್ಕೆ ಕಮ್ಮಿಯಾಗುವುದು ಒಂದೂವರೆ ಮೀಟರಿಗಿಂತ ಕಡಿಮೆ. ಹಾಳೆಯ ಮೇಲಿನ ಅನಂತ ಸುತ್ತು ರಸ್ತೆಯ ಮೇಲೆ ಐದೇ ಸುತ್ತು.

ಸುತ್ತುಗಳ ಮೊತ್ತವನ್ನು ಸರಿಯಾಗಿಯೇ ಕೂಡಬೇಕೆಂದರೆ ಗುಣೋತ್ತರ ಶ್ರೇಢಿಯ ಸೂತ್ರ ಸಾಕು: ಮೊದಲ ಪದವನ್ನು (1 − ಸಾಮಾನ್ಯ ಅನುಪಾತ)ದಿಂದ ಭಾಗಿಸಿ. 9 ÷ (1 − 1/6) = 9 × 6/5 = 10.8. ಸಮಯಕ್ಕೂ ಅದೇ: 45 × 6/5 = 54 ನಿಮಿಷ. ಎರಡು ದಾರಿಗಳೂ ಒಂದೇ ಊರಿಗೆ ಬಂದವು.

ಗಣಿತಜ್ಞ ಜಾನ್ ವಾನ್ ನಾಯ್ಮನ್ ಬಗ್ಗೆ ಒಂದು ಕಥೆ ಪ್ರಚಾರದಲ್ಲಿದೆ. ಇದೇ ಲೆಕ್ಕದ ನೊಣದ ರೂಪವನ್ನು ಯಾರೋ ಕೇಳಿದಾಗ ಅವರು ತಕ್ಷಣ ಉತ್ತರ ಹೇಳಿದರಂತೆ. "ಓ, ಸುಲಭದ ದಾರಿ ನಿಮಗೆ ಗೊತ್ತಿತ್ತಾ" ಎಂದು ಕೇಳಿದರೆ, "ಯಾವ ದಾರಿ? ನಾನು ಶ್ರೇಢಿಯನ್ನು ಕೂಡಿದೆ" ಎಂದರಂತೆ. ಈ ಕಥೆ ಕೇಳಿ ಶ್ರೇಢಿಯ ದಾರಿ ಮಹಾಮೇಧಾವಿಗಳಿಗೆ ಮಾತ್ರ ಎಂದುಕೊಳ್ಳಬೇಕಿಲ್ಲ. ಒಂದು ಸುತ್ತನ್ನು ಬಿಡಿಸಿ, ಅಂತರ ಎಷ್ಟು ಪಾಲಾಯಿತು ಎಂದು ನೋಡಿದರೆ ಪಿಯುಸಿ ಓದಿದ ಯಾರಿಗಾದರೂ ಅದು ಬರುತ್ತದೆ. ಅದು ತಪ್ಪು ದಾರಿಯಲ್ಲ, ಬಳಸು ದಾರಿ. ಕೇಳಿದ್ದು ಒಟ್ಟು ದೂರ ಮಾತ್ರವಾದಾಗ ಅಷ್ಟು ಸುತ್ತಿ ಬರುವ ಅಗತ್ಯವಿಲ್ಲ, ಅಷ್ಟೇ.

ಮುಂದಕ್ಕೆ ಎಷ್ಟು, ಹಿಂದಕ್ಕೆ ಎಷ್ಟು?

ಕೆಲವೊಮ್ಮೆ ಪ್ರಶ್ನೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಕರಿಯ ನಿಲ್ದಾಣದ ದಿಕ್ಕಿಗೆ ಒಟ್ಟು ಎಷ್ಟು ಓಡಿತು, ಮನೆಯ ದಿಕ್ಕಿಗೆ ಎಷ್ಟು? ಇಲ್ಲಿ ಹಲವರು ಸಮಯದ ದಾರಿ ಬಿಟ್ಟು ಮತ್ತೆ ಸುತ್ತು ಎಣಿಸಲು ಹೋಗುತ್ತಾರೆ. ಬೇಕಾಗಿಲ್ಲ. ಕೊನೆಗೆ ನಾಯಿ ಎಲ್ಲಿರುತ್ತದೆ ಎಂಬುದು ನಮಗೆ ಗೊತ್ತಿದೆ: ಇಬ್ಬರೂ ಸೇರಿದ ಜಾಗದಲ್ಲಿ, ಅಂದರೆ ಮನೆಯಿಂದ 3.6 ಕಿ.ಮೀ. ದೂರದಲ್ಲಿ. ನಾಯಿ ಹೊರಟಿದ್ದು ಮನೆಯಿಂದ. ಆದ್ದರಿಂದ ಮುಂದಕ್ಕೆ ಓಡಿದ್ದು ಹಿಂದಕ್ಕೆ ಓಡಿದ್ದಕ್ಕಿಂತ 3.6 ಹೆಚ್ಚು. ಎರಡರ ಮೊತ್ತ 10.8, ವ್ಯತ್ಯಾಸ 3.6. ಮುಂದಕ್ಕೆ 7.2, ಹಿಂದಕ್ಕೆ 3.6.

ಇದೇ ಯೋಚನೆ ಇನ್ನೂ ಒಂದು ಗಟ್ಟಿ ಲೆಕ್ಕವನ್ನು ಬಿಡಿಸುತ್ತದೆ. ರಸ್ತೆ ನಿಲ್ದಾಣದ ಕಡೆಗೆ ಇಳಿಜಾರು ಎಂದುಕೊಳ್ಳಿ. ಕರಿಯ ಇಳಿಯುವಾಗ ಗಂಟೆಗೆ 14, ಏರುವಾಗ ಗಂಟೆಗೆ 10. ತಾತ, ಸುಮಾ ಮೊದಲಿನಂತೆಯೇ 4 ಮತ್ತು 6. ಈಗ ಒಟ್ಟು ದೂರ ಎಷ್ಟು?

14 ಮತ್ತು 10ರ ಸರಾಸರಿ 12, ಆದ್ದರಿಂದ ಉತ್ತರ ಮತ್ತೆ 10.8 ಎಂದು ಬರೆಯಬೇಡಿ. ಸರಾಸರಿ ಹಾಗೆ ನಡೆಯಬೇಕಾದರೆ ನಾಯಿ ಎರಡೂ ದಿಕ್ಕಿಗೆ ಸಮನಾದ ಹೊತ್ತು ಓಡಿರಬೇಕು. ಓಡಿದೆಯೇ ಎಂಬುದೇ ನಮಗೆ ಗೊತ್ತಿಲ್ಲ. ಅದನ್ನೇ ಕಂಡುಹಿಡಿಯೋಣ. ಇಳಿದ ಹೊತ್ತು p ಗಂಟೆ, ಏರಿದ ಹೊತ್ತು q ಗಂಟೆ ಇರಲಿ. ಒಟ್ಟು ಹೊತ್ತು ಬದಲಾಗಿಲ್ಲ, ಕೊನೆಯ ಜಾಗವೂ ಬದಲಾಗಿಲ್ಲ:

```
p + q = 0.9
14p − 10q = 3.6
```

ಮೊದಲ ಸಮೀಕರಣವನ್ನು 10ರಿಂದ ಗುಣಿಸಿ ಎರಡನೆಯದಕ್ಕೆ ಕೂಡಿದರೆ 24p = 12.6. p = 0.525 ಗಂಟೆ, ಅಂದರೆ 31.5 ನಿಮಿಷ. q = 0.375 ಗಂಟೆ, ಅಂದರೆ 22.5 ನಿಮಿಷ. ಇಳಿದ ದೂರ 14 × 0.525 = 7.35, ಏರಿದ ದೂರ 10 × 0.375 = 3.75. ಒಟ್ಟು 11.1 ಕಿ.ಮೀ. ನಾಯಿ ಇಳಿಜಾರಿನಲ್ಲೇ ಹೆಚ್ಚು ಹೊತ್ತು ಓಡಿದ್ದರಿಂದ ಉತ್ತರ 10.8ಕ್ಕಿಂತ ಜಾಸ್ತಿ ಬಂದಿದೆ, ಅದು ಸಹಜ. ಅನಂತ ಸುತ್ತುಗಳಲ್ಲಿ ಒಂದನ್ನೂ ಮುಟ್ಟದೆ ಇಷ್ಟು ಸಿಕ್ಕಿತು. ಈ ಅಧ್ಯಾಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಲೆಕ್ಕ ಇದು, ಯಾಕೆಂದರೆ ಮೊದಲ ಲೆಕ್ಕದ ಉಪಾಯವನ್ನು ಬಾಯಿಪಾಠ ಮಾಡಿದವರಿಗೂ ಅರ್ಥ ಮಾಡಿಕೊಂಡವರಿಗೂ ಇರುವ ಅಂತರ ಇಲ್ಲಿ ತಿಳಿದುಬಿಡುತ್ತದೆ.

ಗಡಿಯಾರ ಯಾವಾಗ ಶುರು?

ಇಬ್ಬರೂ ಒಂದೇ ಹೊತ್ತಿಗೆ ಹೊರಡದಿದ್ದರೆ ಎಡವುವುದು ಸುಲಭ. ತಾತ ಮತ್ತು ಕರಿಯ 7 ಗಂಟೆಗೇ ಹೊರಟರು, ಸುಮಾಳ ಬಸ್ಸು ತಡವಾಗಿ ಅವಳು 7:30ಕ್ಕೆ ನಡೆಯಲು ಶುರು ಮಾಡಿದಳು ಎನ್ನೋಣ. ಆ ಅರ್ಧ ಗಂಟೆಯಲ್ಲಿ ತಾತ 2 ಕಿ.ಮೀ. ಬಂದಿದ್ದಾರೆ, ಉಳಿದ ಅಂತರ 7. ಅದಕ್ಕೆ 7 ÷ 10 = 0.7 ಗಂಟೆ, 42 ನಿಮಿಷ. ಸೇರುವುದು 8:12ಕ್ಕೆ.

ಇಲ್ಲಿ 42 ನಿಮಿಷವನ್ನು ಹಿಡಿದು 12 × 0.7 = 8.4 ಎಂದು ಬರೆದರೆ ತಪ್ಪು. ಕರಿಯ ಓಡಲು ಶುರು ಮಾಡಿದ್ದು 7 ಗಂಟೆಗೆ, ಓಡಿದ್ದು 72 ನಿಮಿಷ, ದೂರ 14.4 ಕಿ.ಮೀ. ನಾಯಿ ಸುಮಾಳ ಜೊತೆ 7:30ಕ್ಕೆ ಹೊರಟಿದ್ದರೆ ಮಾತ್ರ 8.4 ಸರಿ. ನಡೆಯುವವರ ಗಡಿಯಾರದಿಂದ ಸೇರುವ ಹೊತ್ತು ಕಂಡುಹಿಡಿಯಬೇಕು, ಆದರೆ ಗುಣಿಸುವಾಗ ನಾಯಿ ಓಡಿದ ಹೊತ್ತನ್ನೇ ತೆಗೆದುಕೊಳ್ಳಬೇಕು. ಇಬ್ಬರೂ ಒಂದೇ ದಿಕ್ಕಿಗೆ ನಡೆಯುತ್ತಿದ್ದು ಹಿಂದಿನವರು ಮುಂದಿನವರನ್ನು ಹಿಡಿಯುವ ಲೆಕ್ಕವಾದರೆ ವೇಗಗಳನ್ನು ಕೂಡುವ ಬದಲು ಕಳೆಯಿರಿ, ಉಳಿದದ್ದೆಲ್ಲ ಇದೇ.

ಈ ದಾರಿ ಎಲ್ಲಿ ಕೈಕೊಡುತ್ತದೆ

ನಮ್ಮ ಗುಣಾಕಾರದ ಹಿಂದೆ ಒಂದು ಷರತ್ತು ಇದೆ: ನಾಯಿ ಎಲ್ಲೂ ನಿಲ್ಲಬಾರದು. ಕರಿಯ ಸುಮಾಳನ್ನು ಮುಟ್ಟಿದಾಗಲೆಲ್ಲ ರಸ್ತೆ ಬದಿಯಲ್ಲಿ 3 ನಿಮಿಷ ಕುಳಿತು ದಣಿವಾರಿಸಿಕೊಂಡು ಆಮೇಲೆ ವಾಪಸ್ಸು ಓಡುತ್ತದೆ ಎಂದು ಪ್ರಶ್ನೆಯಲ್ಲಿ ಇದ್ದರೆ (ಸುಮಾ ನಿಲ್ಲದೆ ನಡೆಯುತ್ತಾಳೆ), ಓಡಿದ ಹೊತ್ತು 54 ನಿಮಿಷ ಅಲ್ಲ. ಎಷ್ಟು ಸಲ ಕುಳಿತಿತು ಎಂದು ತಿಳಿಯದೆ ಅದನ್ನು ಕಳೆಯಲಾಗದು. ಈಗ ಸುತ್ತು ಎಣಿಸಲೇಬೇಕು, ಆದರೆ ಹೆದರಬೇಕಾಗಿಲ್ಲ. ಪ್ರತಿ ಸಲವೂ 3 ನಿಮಿಷ ತಿನ್ನುವುದರಿಂದ 54 ನಿಮಿಷದಲ್ಲಿ ಅನಂತ ಸುತ್ತು ಹಿಡಿಸುವುದಿಲ್ಲ, ಬೇಗ ಮುಗಿಯುತ್ತದೆ.

ಎಣಿಸೋಣ. 7:30ಕ್ಕೆ ಕರಿಯ 6 ಕಿ.ಮೀ. ಓಡಿ ಸುಮಾಳನ್ನು ಮುಟ್ಟಿತು, 7:33ರವರೆಗೆ ಕುಳಿತಿತು. ಆಗ ತಾತ 2.2 ಕಿ.ಮೀ. ಬಂದಿದ್ದಾರೆ, ಅಂತರ 3.8. ಅದನ್ನು 16ರಿಂದ ಭಾಗಿಸಿದರೆ 14 ನಿಮಿಷ 15 ಸೆಕೆಂಡು. ಓಡಿದ್ದು 2.85 ಕಿ.ಮೀ. ಗಂಟೆ 7:47:15, ಕರಿಯ ಮತ್ತು ತಾತ 3.15ರ ಹತ್ತಿರ, ಸುಮಾ 4.275ರ ಹತ್ತಿರ. ಅಂತರ 1.125, ವೇಗ 18, ಬೇಕಾದದ್ದು 3 ನಿಮಿಷ 45 ಸೆಕೆಂಡು, ಓಟ 0.75 ಕಿ.ಮೀ. ಈಗ 7:51. ಕರಿಯ ಮತ್ತೆ ಕುಳಿತುಕೊಳ್ಳುತ್ತದೆ, ಎದ್ದೇಳುವಾಗ 7:54. ಅಷ್ಟರಲ್ಲಿ ತಾತ ಮತ್ತು ಸುಮಾ ಸೇರಿಯಾಯಿತು. ಒಟ್ಟು ಓಟ 6 + 2.85 + 0.75 = 9.6 ಕಿ.ಮೀ. ತಾಳೆ ನೋಡಿ: ಎರಡು ಸಲ ಕುಳಿತದ್ದು 6 ನಿಮಿಷ, ಓಡಿದ್ದು 48 ನಿಮಿಷ, ನಿಮಿಷಕ್ಕೆ 200 ಮೀಟರಿನಂತೆ 9,600 ಮೀಟರ್. ಕುಳಿತ ಸಲಗಳನ್ನು ಎಣಿಸಿದ ಮೇಲೆ ಕೊನೆಯ ಗುಣಾಕಾರಕ್ಕೆ ಒಟ್ಟು ಸಮಯದ ದಾರಿಯೇ ಮತ್ತೆ ಕೆಲಸಕ್ಕೆ ಬಂತು.

ಎರಡನೆಯ ಜಾಗ ನಾಯಿಯ ವೇಗ. ಕರಿಯ ಮುದಿನಾಯಿ, ಅದರ ವೇಗ ಗಂಟೆಗೆ 5 ಎಂದಿಟ್ಟುಕೊಳ್ಳಿ. ತಾತನಿಗಿಂತ ಜೋರು, ಸುಮಾಳಿಗಿಂತ ನಿಧಾನ. ಸುಮಾರು 49 ನಿಮಿಷಕ್ಕೆ ಅದು ಸುಮಾಳನ್ನು ಮುಟ್ಟಿ ತಾತನ ಕಡೆಗೆ ತಿರುಗುತ್ತದೆ, ಆದರೆ ಸುಮಾ ಅದಕ್ಕಿಂತ ಬೇಗ ಹೆಜ್ಜೆ ಹಾಕುತ್ತಾಳೆ, ಅದನ್ನು ಹಿಂದೆ ಹಾಕಿ ಮೊದಲೇ ತಾತನನ್ನು ಸೇರುತ್ತಾಳೆ. ಆ ಗಳಿಗೆಯಲ್ಲಿ ನಾಯಿ ಇನ್ನೂ ಸುಮಾರು 82 ಮೀಟರ್ ಹಿಂದೆ ಇರುತ್ತದೆ. ಇಬ್ಬರೂ ಸೇರುವವರೆಗೆ ಓಡಿದ ಒಟ್ಟು ದೂರ 5 × 0.9 = 4.5 ಎಂಬ ಉತ್ತರಕ್ಕೆ ಧಕ್ಕೆಯಿಲ್ಲ. ಆದರೆ ಮುಂದಕ್ಕೆ, ಹಿಂದಕ್ಕೆ ಎಂದು ಹಂಚುವ ನಮ್ಮ ಉಪಾಯ ಇಲ್ಲಿ ಸುಳ್ಳು ಉತ್ತರ ಕೊಡುತ್ತದೆ, ಏಕೆಂದರೆ ನಾಯಿ ಕೊನೆಗೆ 3.6ರ ಗುರುತಿನಲ್ಲಿ ಇಲ್ಲ. ಆದ್ದರಿಂದ ವ್ಯತ್ಯಾಸದ ಸಮೀಕರಣ ಬರೆಯುವ ಮೊದಲು ನಾಯಿ ಇಬ್ಬರಿಗಿಂತಲೂ ಜೋರೇ ಎಂದು ಒಮ್ಮೆ ನೋಡಿ. ಇಳಿಜಾರಿನ ಲೆಕ್ಕದಲ್ಲಿ ಏರುವ ವೇಗ 10, ಅದು ಸುಮಾಳ 6ಕ್ಕಿಂತ ಹೆಚ್ಚು. ಅದಕ್ಕೇ ಅಲ್ಲಿ ಉಪಾಯ ನಡೆಯಿತು.

ಉತ್ತರವೇ ಇಲ್ಲದ ಪ್ರಶ್ನೆ

ಲೆಕ್ಕವನ್ನು ಹಿಂದುಮುಂದು ಮಾಡಿ ಕೇಳುವವರೂ ಇದ್ದಾರೆ. ತಾತ, ಸುಮಾ, ಕರಿಯ ಮೂವರೂ 3.6ರ ಗುರುತಿನಲ್ಲಿ ಒಟ್ಟಿಗೆ ನಿಂತಿದ್ದಾರೆ. ತಾತ ಮನೆಯ ಕಡೆಗೆ 4ರ ವೇಗದಲ್ಲಿ, ಸುಮಾ ನಿಲ್ದಾಣದ ಕಡೆಗೆ 6ರ ವೇಗದಲ್ಲಿ ಹೊರಡುತ್ತಾರೆ. ಕರಿಯ 12ರ ವೇಗದಲ್ಲಿ ಅವರಿಬ್ಬರ ನಡುವೆ ಓಡಾಡುತ್ತದೆ. 54 ನಿಮಿಷದ ಮೇಲೆ ಕರಿಯ ಎಲ್ಲಿರುತ್ತದೆ, ಯಾವ ಕಡೆಗೆ ಮುಖ ಮಾಡಿರುತ್ತದೆ?

ಇದಕ್ಕೆ ಸೂತ್ರ ಹುಡುಕುತ್ತಾ ಸಮಯ ಕಳೆಯಬೇಡಿ. 54 ನಿಮಿಷದ ಕೊನೆಯಲ್ಲಿ ತಾತ ಮನೆಯಲ್ಲಿ, ಸುಮಾ ನಿಲ್ದಾಣದಲ್ಲಿ ಇರುತ್ತಾರೆ. ಕರಿಯನನ್ನು ನಡುವಿನ 9 ಕಿ.ಮೀ. ರಸ್ತೆಯಲ್ಲಿ ನಿಮಗೆ ಬೇಕಾದ ಕಡೆ, ಬೇಕಾದ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ಈಗ ಎಲ್ಲವನ್ನೂ ಹಿಂದಕ್ಕೆ ಓಡಿಸಿ. ಇಬ್ಬರೂ ಹತ್ತಿರ ಬರುತ್ತಾರೆ, ನಾಯಿ ನಡುವೆ ಓಡಾಡುತ್ತದೆ, ಕೊನೆಗೆ ಮೂವರೂ 3.6ರ ಗುರುತಿನಲ್ಲೇ ಸೇರುತ್ತಾರೆ. ನಾಯಿಯನ್ನು ಮೊದಲು ಎಲ್ಲಿ ನಿಲ್ಲಿಸಿದ್ದೆವು ಎಂಬುದರಿಂದ ಕೊನೆಗೆ ಯಾವ ಬದಲಾವಣೆಯೂ ಆಗಲಿಲ್ಲ. ಅಂದರೆ ರಸ್ತೆಯ ಪ್ರತಿ ಜಾಗವೂ, ಎರಡೂ ದಿಕ್ಕೂ, ಸರಿಯುತ್ತರವೇ. ಕೊಟ್ಟ ಮಾಹಿತಿಯಿಂದ ಒಂದನ್ನು ಆರಿಸಲು ಆಗುವುದಿಲ್ಲ. ತೊಡಕು ಇರುವುದು ಹೊರಡುವ ಗಳಿಗೆಯಲ್ಲಿ. ನಾಯಿ ಇಬ್ಬರಿಗಿಂತಲೂ ಜೋರು, ಹಾಗಾಗಿ ಯಾವ ಕಡೆಗೆ ಮೊದಲ ಹೆಜ್ಜೆ ಇಟ್ಟರೂ ಆ ಕ್ಷಣವೇ ಆ ಕಡೆಯವರನ್ನು ದಾಟಿ ಹೊರಗೆ ಹೋಗಿಬಿಡುತ್ತದೆ, ನಡುವೆ ಉಳಿಯುವುದಿಲ್ಲ. ಮೊದಲ ಓಟ ಯಾವುದೆಂದು ಹೇಳಲೇ ಆಗದ ಮೇಲೆ ಎರಡನೆಯದು ಎಲ್ಲಿಂದ ಬರಬೇಕು?

ಇದೇ ಕಾರಣಕ್ಕೆ ಮೂಲ ಲೆಕ್ಕದಲ್ಲಿ "ಸೇರುವ ಗಳಿಗೆಯಲ್ಲಿ ನಾಯಿ ಯಾರ ಕಡೆಗೆ ಓಡುತ್ತಿತ್ತು" ಎಂದು ಕೇಳಿದರೂ, "ಒಟ್ಟು ಎಷ್ಟು ಸಲ ತಿರುಗಿತು" ಎಂದು ಕೇಳಿದರೂ ಹೇಳಲು ಒಂದು ಸಂಖ್ಯೆಯಿಲ್ಲ. ಎಷ್ಟು ಹೊತ್ತು ಓಡಿತು, ಎಷ್ಟು ದೂರ ಓಡಿತು ಎಂಬುದಕ್ಕೆ ಮಾತ್ರ, ಹಿಂದುಮುಂದು ಮಾಡಿದ ಲೆಕ್ಕದಲ್ಲೂ, ಖಚಿತ ಉತ್ತರವಿದೆ: 54 ನಿಮಿಷ, 10.8 ಕಿ.ಮೀ.